ಮಂಗಳವಾರದ ವೀಕ್ ಆಫ್ ತೆಗೆದ ಮೇಲೆ ಟಾರ್ಗೆಟ್ ದಾಟಿತು: ಕುಶಾಲನಗರದಲ್ಲಿ ಸ್ಟೋರ್ ಟ್ರೈನಿಯಾಗಿ ನನ್ನ ಅನುಭವ

ಹೋದ ವಾರ ನಮ್ಮ ಕ್ಲಸ್ಟರ್ ಮ್ಯಾನೇಜರ್ ಬೇರೆ ಎರಡು ಸ್ಟೋರಿನವರಿಗೆ ನನ್ನ ರೋಸ್ಟರ್ ಹಾಳೆಯ ಫೋಟೋ ಕಳಿಸಿ "ಇದನ್ನು ನೋಡಿ ಮಾಡಿ" ಅಂದರಂತೆ. ಒಂದು ವರ್ಷದ ಹಿಂದೆ ಇದೇ ಹಾಳೆ ತೋರಿಸಿದ್ದಾಗ ಅವರು ಹೇಳಿದ್ದು "ನೀವು ಟ್ರೈನಿ ಅಲ್ವಾ, ಮೊದಲು ಫೇಸಿಂಗ್ ಸರಿ ಮಾಡಿ" ಅಂತ. ಅದಕ್ಕೇ ಇದನ್ನು ಬರೆದಿಡೋಣ ಅನ್ನಿಸಿತು. ರಿಟೇಲ್‌ನಲ್ಲಿ ಟ್ರೈನಿಯಾಗಿ ಸೇರಿದವರಿಗೆ ಜಿಆರ್‌ಎನ್, ಇಂಡೆಂಟ್, ಡಂಪ್ ಇವೆಲ್ಲ ಏನು ಅಂತ ನಾನು ಹೇಳಬೇಕಾಗಿಲ್ಲ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಅಲ್ಪಸ್ವಲ್ಪ ಆಚೀಚೆ ಇರಬಹುದು.

ನಾನು ಸುಂಟಿಕೊಪ್ಪದ ಕಡೆಯವಳು, ಮಾದಾಪುರ ರಸ್ತೆಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಬಿಕಾಂ ಮುಗಿಸಿ ಕುಶಾಲನಗರದಲ್ಲಿ ಒಂದು ಚೈನ್ ಸೂಪರ್‌ಮಾರ್ಕೆಟ್‌ಗೆ ಸ್ಟೋರ್ ಮ್ಯಾನೇಜ್‌ಮೆಂಟ್ ಟ್ರೈನಿಯಾಗಿ ಸೇರಿದೆ. ಚೈನಿನ ಹೆಸರು ಬೇಡ. ಆಫರ್ ಲೆಟರಿನಲ್ಲಿ ವರ್ಷಕ್ಕೆ 2.64 ಲಕ್ಷ ಅಂತಿತ್ತು. ಅಪ್ಪ ಅದನ್ನು 12ರಿಂದ ಭಾಗಿಸಿ "ತಿಂಗಳಿಗೆ 22 ಸಾವಿರ" ಅಂತ ಮನೆಯವರಿಗೆಲ್ಲ ಹೇಳಿಬಿಟ್ಟರು. ಕೈಗೆ ಬಂದದ್ದು 15,500. ಗ್ರಾಸ್ 17,000. ಅದರಲ್ಲಿ ನನ್ನ ಪಾಲಿನ ಪಿಎಫ್ 1,320, ಇಎಸ್ಐ ನೂರಾ ಇಪ್ಪತ್ತೆಂಟೋ ಏನೋ ಕಳೆಯುತ್ತದೆ. ಇನ್ನುಳಿದ 5,000ದಲ್ಲಿ ಕಂಪನಿ ಕಟ್ಟುವ ಪಿಎಫ್, ಇಎಸ್ಐ, ಗ್ರಾಚ್ಯುಟಿ, ವರ್ಷಕ್ಕೊಮ್ಮೆ ಬರುವ ಬೋನಸ್ ಮತ್ತು ತಿಂಗಳಿಗೆ 1,600ರ ಇನ್ಸೆಂಟಿವ್ ಎಲ್ಲ ಸೇರಿತ್ತು. ಆ ಇನ್ಸೆಂಟಿವ್‌ಗೆ ಎರಡು ಗೇಟು. ಸ್ಟೋರ್ ಟಾರ್ಗೆಟ್ ನೂರು ದಾಟಿದರೆ ಪೂರ್ತಿ, 95 ದಾಟಿದರೆ ಅರ್ಧ. ಆದರೆ ಸ್ಟೋರಿನ ಶ್ರಿಂಕೇಜ್ ಮಿತಿ ಮೀರಿದ್ದರೆ ಟಾರ್ಗೆಟ್ ಎಷ್ಟೇ ದಾಟಿದರೂ ಸೊನ್ನೆ. ಮೊದಲ ಏಳು ತಿಂಗಳಲ್ಲಿ ನನಗೆ ಒಂದೇ ಒಂದು ಸಲ, ಅದೂ ಅರ್ಧ ಬಂತು. ಹಾಗಾಗಿ ಇಂಟರ್‌ವ್ಯೂನಲ್ಲಿ ಕೇಳಬೇಕಾದದ್ದು ಸಿಟಿಸಿ ಎಷ್ಟು ಅಂತಲ್ಲ, "ಈ ಸ್ಟೋರಿಗೆ ಕಳೆದ ವರ್ಷ ಎಷ್ಟು ತಿಂಗಳು ಇನ್ಸೆಂಟಿವ್ ಸಿಕ್ಕಿದೆ" ಅಂತ. ನಾನು ಕೇಳಿರಲಿಲ್ಲ.

ಖರ್ಚಿನ ಕಡೆ ಕ್ಲೋಸಿಂಗ್ ಶಿಫ್ಟ್ ದೊಡ್ಡ ಹೊಡೆತ. ಅಂಗಡಿ ಮುಚ್ಚುವುದು 9.30ಕ್ಕೆ, ಕ್ಯಾಶ್ ಟ್ಯಾಲಿ ಮಾಡಿ ಶಟರ್ ಎಳೆಯುವಾಗ 10 ಆಗುತ್ತಿತ್ತು. ಆ ಹೊತ್ತಿಗೆ ಮಡಿಕೇರಿ ಕಡೆ ಹೋಗುವ ಬಸ್ ಸಿಕ್ಕರೂ ಸುಂಟಿಕೊಪ್ಪದಿಂದ ಒಳಗೆ ಹೋಗಲು ಏನೂ ಇರಲಿಲ್ಲ. ಆಟೋಗೆ 150, ಮಳೆ ಇದ್ದರೆ 200. ತಿಂಗಳಿಗೆ ಹತ್ತು ಹನ್ನೆರಡು ಕ್ಲೋಸಿಂಗ್ ಬಿದ್ದರೆ ಎರಡು ಸಾವಿರ ಅಲ್ಲೇ ಹೋಯಿತು. ಮೂರನೇ ತಿಂಗಳಿಗೆ ಕುಶಾಲನಗರದಲ್ಲೇ ಇಬ್ಬರು ಸೇರಿ ರೂಮು ಮಾಡಿದೆವು, ನನ್ನ ಪಾಲು 2,500. ಲೆಕ್ಕ ಸರಿಹೋಯಿತು, ನಿದ್ದೆಯೂ ಸಿಕ್ಕಿತು.

ಇನ್ನು ಟಾರ್ಗೆಟ್ ವಿಷಯ. ನಮ್ಮ ಸ್ಟೋರಿಗೆ ತಿಂಗಳಿಗೆ 62 ಲಕ್ಷ, ಅಂದರೆ ವಾರಕ್ಕೆ ಹದಿನಾಲ್ಕೂವರೆ ಲಕ್ಷದ ಲೆಕ್ಕ. ಹೆಡ್ ಆಫೀಸಿನವರು ಅದನ್ನು ದಿನಕ್ಕೆ ಹಂಚುವುದು ಎಲ್ಲ ಊರಿಗೂ ಒಂದೇ ಅಚ್ಚಿನಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ಸಮಸಮ, ದಿನಕ್ಕೆ ಶೇಕಡಾ 12.4. ಶನಿವಾರ 17, ಭಾನುವಾರ 21. ಬೆಂಗಳೂರಿನ ಅಪಾರ್ಟ್‌ಮೆಂಟ್ ಪಕ್ಕದ ಸ್ಟೋರಿಗೆ ಇದು ಸರಿ ಇರಬಹುದು. ಆದರೆ ಕೊಡಗಿನಲ್ಲಿ ವಾರ ಅನ್ನುವುದೇ ಸಂತೆಯಿಂದ ಶುರುವಾಗುತ್ತದೆ. ಮಡಿಕೇರಿಗೆ ಶುಕ್ರವಾರ, ಗೋಣಿಕೊಪ್ಪಕ್ಕೆ ಭಾನುವಾರ, ಸೋಮವಾರಪೇಟೆಗೆ ಸೋಮವಾರ, ಕುಶಾಲನಗರಕ್ಕೆ ಮಂಗಳವಾರ. ತೋಟದ ಲೈನ್ ಮನೆಗಳಿಂದ ಜೀಪು, ಪಿಕಪ್ ತುಂಬ ಜನ ಬರುವುದು ಆ ದಿನ.

ಹಾಗಿದ್ದರೂ ನಮ್ಮ ಮಂಗಳವಾರದ ಸೇಲ್ 1.58 ಲಕ್ಷ ದಾಟುತ್ತಿರಲಿಲ್ಲ. ದಿನದ ಟಾರ್ಗೆಟ್ 1.8 ಲಕ್ಷ. ಸ್ಟೋರ್ ಮ್ಯಾನೇಜರ್ ಸರ್ ಅವರ ವಿವರಣೆ ಸಿದ್ಧವಾಗಿತ್ತು: "ಸಂತೆ ದಿನ ಜನ ಸಂತೆಗೆ ಹೋಗ್ತಾರೆ, ನಮ್ಮ ಹತ್ರ ಯಾಕೆ ಬರ್ತಾರೆ?" ಅವರು ಹತ್ತು ವರ್ಷ ರಿಟೇಲ್‌ನಲ್ಲಿ ಪಳಗಿದವರು. ನಾನೂ ಮೊದಲು ಹೌದೇ ಅಂದುಕೊಂಡಿದ್ದೆ.

ಅನುಮಾನ ಬಂದದ್ದು ಬುಟ್ಟಿಗಳಿಂದ. ಒಂದು ಮಂಗಳವಾರ ಮಧ್ಯಾಹ್ನ ಸೋಪು ಜೋಡಿಸುತ್ತಿದ್ದಾಗ ಶಾಂಪೂ ರ‍್ಯಾಕಿನ ಕೆಳಗೆ ಒಂದು ತುಂಬಿದ ಬುಟ್ಟಿ ಕಂಡಿತು. ಒಂದು ಲೀಟರ್ ಎಣ್ಣೆ, ಎರಡು ಬಟ್ಟೆ ಸೋಪು, ಅರ್ಧ ಕೆಜಿ ತೊಗರಿಬೇಳೆ, ಚಹಾಪುಡಿ, ಒಂದು ಪ್ಯಾಕೆಟ್ ಬಿಸ್ಕತ್ತು, ಮೇಲೆ ಬೆವರುತ್ತಿದ್ದ ಮೊಸರಿನ ಪ್ಯಾಕೆಟ್. ಯಾರೋ ಎಲ್ಲ ಆರಿಸಿ, ಬಿಲ್ಲಿಂಗ್ ಸಾಲು ನೋಡಿ, ಅಲ್ಲೇ ಇಟ್ಟು ಹೋಗಿದ್ದಾರೆ. ಜೀಪು ಹೊರಡುವ ಹೊತ್ತಾಗಿರುತ್ತದೆ, ಅರ್ಧ ಗಂಟೆ ನಿಲ್ಲಲು ಯಾರಿಗೆ ಆಗುತ್ತದೆ? ಆವತ್ತು ಅಂಗಡಿಯೆಲ್ಲ ಸುತ್ತಿದಾಗ ಹನ್ನೆರಡರಿಂದ ಎರಡರ ಒಳಗೆ ಬಿಟ್ಟುಹೋದ ಬುಟ್ಟಿ 14 ಸಿಕ್ಕವು. ಒಂದಕ್ಕೆ ಸುಮಾರು 400 ರೂಪಾಯಿ ಹಿಡಿದರೂ ಐದೂವರೆ ಸಾವಿರ. ಬುಟ್ಟಿಯನ್ನೇ ಹಿಡಿಯದೆ, ಬಾಗಿಲಲ್ಲಿ ಸಾಲು ನೋಡಿ ತಿರುಗಿಹೋದವರ ಲೆಕ್ಕ ಬೇರೆ.

ಆಮೇಲೆ ಕೌಂಟರ್ ಕಡೆ ನೋಡಿದೆ. ನಾಲ್ಕು ಪಿಒಎಸ್ ಇವೆ, ಎರಡು ಮಾತ್ರ ತೆರೆದಿದ್ದವು. ಯಾಕೆ? ವಾರದ ಕೊನೆಗೆ ಯಾರಿಗೂ ವೀಕ್ ಆಫ್ ಇಲ್ಲ, ನಿಮಗೂ ಗೊತ್ತು. ವಾರದ ಮಧ್ಯೆ ಎಂದು ಬೇಕು ಅಂತ ಕೇಳಿದರೆ ಎಲ್ಲರೂ ಕೇಳುವುದು ಮಂಗಳವಾರ, ಅವರೂ ಸಂತೆಗೆ ಹೋಗಬೇಕಲ್ಲ! 14 ಜನರಲ್ಲಿ ನಾಲ್ವರಿಗೆ ಅಂದೇ ರಜೆ. ಉಳಿದವರಲ್ಲಿ ಅರ್ಧ ಜನ ಒಂದರಿಂದ ಎರಡರವರೆಗೆ ಊಟಕ್ಕೆ. ಊರಿಗೆಲ್ಲ ಜನ ಬರುವ ದಿನ ನಮ್ಮಲ್ಲಿ ಜನ ಇರುತ್ತಿರಲಿಲ್ಲ.

ಎಂಟು ವಾರದ ಅವರ್ಲಿ ರಿಪೋರ್ಟ್ ತೆಗೆದು ಕೂತೆ. ಅದನ್ನು ತೆಗೆಯಲು ಟ್ರೈನಿಗೆ ಲಾಗಿನ್ ಇರುವುದಿಲ್ಲ, ಕ್ಲೋಸಿಂಗ್ ದಿನಗಳಲ್ಲಿ ಕ್ಯಾಶ್ ಆಫೀಸಿನ ಅಣ್ಣ ಪ್ರಿಂಟ್ ಕೊಡುತ್ತಿದ್ದರು. ಬಿಲ್ ಸಂಖ್ಯೆಯನ್ನು ಗಂಟೆಗೆ ಗಂಟೆ ಬರೆದುಕೊಂಡೆ. ಬೇರೆ ದಿನಗಳಲ್ಲಿ ಗೆರೆ ಏರಿ ಇಳಿಯುತ್ತದೆ. ಮಂಗಳವಾರ ಹನ್ನೊಂದರಿಂದ ನಾಲ್ಕರವರೆಗೆ ಗೆರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಗಂಟೆಗೆ 42ರಿಂದ 44 ಬಿಲ್, ವಾರ ವಾರವೂ ಹಾಗೇ. ಜನ ಹಾಗೆ ಅಳೆದು ತೂಗಿ ಬರುವುದಿಲ್ಲ. ಅದು ಗಿರಾಕಿಗಳ ಲೆಕ್ಕವಲ್ಲ, ಎರಡು ಕೌಂಟರ್‌ಗಳು ಗಂಟೆಗೆ ಎಷ್ಟು ಬಿಲ್ ಹೊಡೆಯಬಲ್ಲವೋ ಅದರ ಲೆಕ್ಕ. ನಿಮ್ಮ ಸ್ಟೋರಿನಲ್ಲೂ ಯಾವುದಾದರೂ ಹೊತ್ತಿನಲ್ಲಿ ಬಿಲ್ ಗೆರೆ ಹೀಗೆ ಚಪ್ಪಟೆಯಾಗಿ ಕಂಡರೆ ಅಲ್ಲಿ ಸೇಲ್ ಸೋರುತ್ತಿದೆ ಅಂತಲೇ ತಿಳಿಯಿರಿ. ಫುಟ್‌ಫಾಲ್ ಕೌಂಟರ್ ಇಲ್ಲದ ಸ್ಟೋರಿನಲ್ಲಿ ನನಗೆ ಸಿಕ್ಕ ಅತ್ಯಂತ ನಂಬಿಕೆಯ ಗುರುತು ಇದೇ.

ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಅದಕ್ಕೆ ಕಾರಣ ನನ್ನ ಆತುರ. ಸರ್ ಹತ್ತಿರ ಹೇಗೋ ಒಪ್ಪಿಗೆ ಪಡೆದು, ಬೆಳಗಿನ ಬ್ರೀಫಿಂಗ್‌ನಲ್ಲಿ "ಮುಂದಿನ ವಾರದಿಂದ ಮಂಗಳವಾರ ಯಾರಿಗೂ ವೀಕ್ ಆಫ್ ಇಲ್ಲ" ಅಂತ ಓದಿ ಹೇಳಿದೆ. ಮುಂದಿನ ಮಂಗಳವಾರ ಮೂವರಿಗೆ ಒಮ್ಮೆಲೇ ಜ್ವರ ಬಂತು. ಆವತ್ತಿನ ಸೇಲ್ 1.3 ಲಕ್ಷ, ನಾನು ಸೇರಿದ ಮೇಲೆ ಅತಿ ಕಡಿಮೆ. ಸರ್ ಏನೂ ಬೈಯಲಿಲ್ಲ, ಹಳೆಯ ರೋಸ್ಟರನ್ನು ತೆಗೆದು ಮತ್ತೆ ಗೋಡೆಗೆ ಅಂಟಿಸಿದರು. ಅದು ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ದಾರಿ ತೋರಿಸಿದ್ದು ಬಿಲ್ಲಿಂಗ್‌ನಲ್ಲಿ ಹಳಬರಾದ ಒಬ್ಬ ಅಕ್ಕ. ಟೀ ಕುಡಿಯುವಾಗ ಹೇಳಿದರು: "ನೋಡಮ್ಮ, ನಮಗೆ ಮಂಗಳವಾರ ರಜೆಯೇ ಬೇಕು ಅಂತಿಲ್ಲ. ಸಂತೆಗೆ ಹೋಗೋಕೆ ಎರಡು ಗಂಟೆ ಬೇಕು. ವಾರದ ತರಕಾರಿ, ಒಣಮೀನು ತಂದು ಮನೆಗೆ ಹಾಕಿದ್ರೆ ಆಯ್ತು. ನೀನು ಅದನ್ನ ಕೇಳ್ಲೇ ಇಲ್ಲ."

ಆಮೇಲೆ ಮಾಡಿದ ರೋಸ್ಟರ್ ಹೀಗಿದೆ. ಮಂಗಳವಾರ ಮೂರು ಗುಂಪು. ಓಪನಿಂಗ್‌ನವರು 8.30ಕ್ಕೆ ಬಂದು 5.30ಕ್ಕೆ ಹೊರಡುತ್ತಾರೆ, ಸಂತೆ ಮುಗಿಯುವ ಹೊತ್ತಿಗೆ ಹೋಗುತ್ತಾರೆ, ಆಗ ತರಕಾರಿ ಅಗ್ಗವೂ ಹೌದು. ಮಧ್ಯದವರು 10.30ಕ್ಕೆ ಬರುತ್ತಾರೆ, ಬೆಳಿಗ್ಗೆಯೇ ಸಂತೆ ಮುಗಿಸಿರುತ್ತಾರೆ. ಕ್ಲೋಸಿಂಗ್‌ನವರು 12.30ಕ್ಕೆ. ಹಾಗಾಗಿ ಹನ್ನೆರಡೂವರೆಯಿಂದ ಫ್ಲೋರಿನ ಮೇಲೆ ಎಲ್ಲರೂ ಇರುತ್ತಾರೆ. ಯಾರು ಯಾವ ಗುಂಪು ಅನ್ನುವುದನ್ನು ನಾನು ಬರೆಯಲಿಲ್ಲ, ಅವರವರೇ ಹಂಚಿಕೊಂಡರು. ವೀಕ್ ಆಫ್‌ಗಳನ್ನು ಸೋಮವಾರಕ್ಕೂ ಬುಧವಾರಕ್ಕೂ ಹಾಕಿದೆವು, ಆ ಎರಡು ದಿನ ಹೇಗೂ ಸಪ್ಪೆ. ಸೋಮವಾರ ಜನ "ನಾಳೆ ಸಂತೆ ಇದೆಯಲ್ಲ" ಅಂತ ತಡೆಯುತ್ತಾರೆ, ಬುಧವಾರ ಮನೆ ತುಂಬಿರುತ್ತದೆ.

ಊಟದ ಸಮಯ ಕೂಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಂದೇ ಸಮನೆ ಐದು ಗಂಟೆ ಮೀರಿ ಕೆಲಸ ಮಾಡಿಸಬಾರದು, ನಡುವೆ ಒಂದು ಗಂಟೆ ಬಿಡುವು ಇರಬೇಕು, ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಬಾರದು ಅಂತ ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲೇ ಇದೆ. ಓಪನಿಂಗ್‌ನವರ ಊಟವನ್ನು ಮೊದಲು 11ಕ್ಕೆ ಇಟ್ಟಿದ್ದೆ, ಆಗ 12ರಿಂದ 5.30 ಅಂದರೆ ಐದೂವರೆ ಗಂಟೆ ಆಗುತ್ತಿತ್ತು. ಕೊನೆಗೆ 11.30ರಿಂದ 12.30 ಮಾಡಿದೆ. ಆ ಒಂದು ಗಂಟೆ ಮಧ್ಯದ ಗುಂಪು ಕೌಂಟರ್ ಹಿಡಿಯುತ್ತದೆ, 12.30ಕ್ಕೆ ಕ್ಲೋಸಿಂಗ್‌ನವರು ಬರುವಾಗ ಇವರೂ ಉಂಡು ಬಂದಿರುತ್ತಾರೆ. ಮಧ್ಯದವರ ಊಟ ಮೂರಕ್ಕೆ. ಹೇಳುವಾಗ ಸುಲಭ ಅನಿಸುತ್ತದೆ, ಆದರೆ ಇದು ಕೂಡಿಬರಲು ಐದು ವಾರ ಬೇಕಾಯಿತು.

ಎರಡನೆಯ ಕೆಲಸ ತರಕಾರಿಯದ್ದು. ಹೊರಗೆ ಸಂತೆಯಲ್ಲಿ ಗುಡ್ಡೆ ಗುಡ್ಡೆ ಟೊಮೆಟೊ ಇರುವಾಗ ನಮ್ಮ ಎಸಿ ಕೋಣೆಯ ಟೊಮೆಟೊ ಯಾರಿಗೆ ಬೇಕು? ಆದರೆ ಸಿಸ್ಟಂನ ಆಟೋ ಇಂಡೆಂಟ್‌ಗೆ ಸಂತೆ ಗೊತ್ತಿಲ್ಲ, ಮಂಗಳವಾರವೂ ಅಷ್ಟೇ ತರಕಾರಿ ಇಳಿಯುತ್ತಿತ್ತು. ಬುಧವಾರ ಬೆಳಿಗ್ಗೆ ಡಂಪ್ 2,800 ರೂಪಾಯಿಯ ಹತ್ತಿರ. ಮಂಗಳವಾರದ ಇಂಡೆಂಟನ್ನು ಅರ್ಧಕ್ಕಿಂತ ಕಡಿಮೆ ಮಾಡಿಸಿ, ಆ ಜಾಗದ ಕ್ರೇಟುಗಳ ಮೇಲೆ ಸಣ್ಣ ಪ್ಯಾಕ್ ಎಣ್ಣೆ, ಬಟ್ಟೆ ಸೋಪು, ಸಕ್ಕರೆ, ಚಹಾಪುಡಿ ಇಟ್ಟೆ. ಡಂಪ್ 900ಕ್ಕೆ ಇಳಿಯಿತು. ಸಂತೆಯಲ್ಲಿ ತರಕಾರಿ ಕೊಂಡವರು ನಮ್ಮಲ್ಲಿಗೆ ಬರುವುದು ಇಂಥ ಸಾಮಾನಿಗೇ. ಯಾವ ಐಟಂ ಯಾವ ಕೌಂಟರ್ ಪಕ್ಕ ಇಟ್ಟರೆ ಸಾಲು ಬೇಗ ಕರಗುತ್ತದೆ ಅನ್ನುವುದನ್ನು ನಾನು ಕಂಡುಕೊಂಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಇಲ್ಲಿ ಒಂದು ಜಗಳವೂ ಆಯಿತು. ಮಂಗಳವಾರದ ಬಿಲ್ ಸಣ್ಣದು, 320-330 ರೂಪಾಯಿ. ಸ್ಟೋರಿನ ಸರಾಸರಿ 450. ಬಿಲ್ ಜಾಸ್ತಿಯಾದಷ್ಟೂ ತಿಂಗಳ ಎಬಿವಿ ಇಳಿಯುತ್ತದೆ. ಕ್ಲಸ್ಟರ್ ಕಾಲ್‌ನಲ್ಲಿ ಎಬಿವಿ ಕೆಂಪಾಗಿ ಕಂಡದ್ದೇ ಸರ್‌ಗೆ ಬಿಸಿ ಮುಟ್ಟಿತು, ಸರ್ ನನ್ನನ್ನು ಕರೆದರು. ನಾನು ಬರೆದು ತೋರಿಸಿದೆ: ಮೊದಲು 480 ಬಿಲ್, 330ರಂತೆ 1.58 ಲಕ್ಷ. ಈಗ 640 ಬಿಲ್, 325ರಂತೆ 2.08 ಲಕ್ಷ. ಎಬಿವಿ ಐದು ರೂಪಾಯಿ ಬಿದ್ದಿದೆ, ಗಲ್ಲಾಪೆಟ್ಟಿಗೆಗೆ ಐವತ್ತು ಸಾವಿರ ಹೆಚ್ಚು ಬಂದಿದೆ. ತಿಂಗಳಿಗೆ ನಾಲ್ಕು ಮಂಗಳವಾರ, ಎರಡು ಲಕ್ಷ. ಅವರು ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಆದರೂ ಟಾರ್ಗೆಟ್ ತಕ್ಷಣ ದಾಟಲಿಲ್ಲ. ನಾವು 93ರಲ್ಲಿದ್ದವರು 97ಕ್ಕೆ ಬಂದೆವು. ಉಳಿದದ್ದು ಬಂದದ್ದು ಶನಿವಾರ ಸಂಜೆಯಿಂದ. ತೋಟಗಳ ಬಟವಾಡೆ ಆದ ಸಂಜೆ ಎಣ್ಣೆ ಮತ್ತು ಅಕ್ಕಿಯ ಸಣ್ಣ ಚೀಲ ಏಳು ಗಂಟೆಗೆಲ್ಲ ಖಾಲಿ. ಈ ಸಾಮಾನಿನ ಲಾರಿ ಬರುವುದು ಸೋಮ, ಬುಧ, ಶುಕ್ರ. ಶುಕ್ರವಾರದ ಲಾರಿಗೆ ಬುಧವಾರ ಮಧ್ಯಾಹ್ನದೊಳಗೆ ಇಂಡೆಂಟ್ ಹಾಕಿರಬೇಕು. ಬುಧವಾರ ಸಪ್ಪೆ ದಿನವಾದ್ದರಿಂದ ರ‍್ಯಾಕ್ ತುಂಬಿರುವುದು ನೋಡಿ ಯಾರೂ ಇಂಡೆಂಟ್ ಹಾಕುತ್ತಿರಲಿಲ್ಲ. ನಾನು ಬುಧವಾರದ ರ‍್ಯಾಕ್ ನೋಡುವುದನ್ನು ಬಿಟ್ಟು, ಕಳೆದ ನಾಲ್ಕು ಶನಿವಾರ ಎಷ್ಟು ಹೋಯಿತು, ಎಷ್ಟು ಗಂಟೆಗೆ ಖಾಲಿಯಾಯಿತು ಅಂತ ನೋಡಿ ಹಾಕತೊಡಗಿದೆ. ಏಳಕ್ಕೇ ಖಾಲಿಯಾದ ಐಟಂಗೆ ಮಾರಾಟವಾದದ್ದರ ಮೇಲೆ ಮೂರನೇ ಒಂದು ಭಾಗ ಸೇರಿಸಿ. ಯಾವ ತೋಟದವರಿಗೆ ಯಾವ ವಾರ ಬಟವಾಡೆ ಅನ್ನುವುದು ನನಗೆ ಹೇಗೆ ಮೊದಲೇ ತಿಳಿಯುತ್ತದೆ ಅಂತ ಮಾತ್ರ ಬರೆಯುವುದಿಲ್ಲ. ಆ ತಿಂಗಳು 101, ಮುಂದಿನ ತಿಂಗಳು 103, ಅದರ ಮುಂದೆ 102.

"ಕಾಫಿ ಕುಯ್ಲಿನ ಸೀಸನ್ ಅಲ್ವಾ, ಅದಕ್ಕೇ ಬಂತು" ಅಂತ ಬೇರೆ ಸ್ಟೋರಿನವರೆಲ್ಲ ಹೇಳಿದರು. ಕೇಳಬೇಕಾದ ಮಾತೇ ಅದು. ಜನವರಿಯಿಂದ ಮಾರ್ಚ್ ರೊಬಸ್ಟಾ ಕುಯ್ಲು, ಕೆಜಿ ಲೆಕ್ಕದಲ್ಲಿ ಕೂಲಿ, ಹೊರಗಿನಿಂದ ಬಂದ ಕಾರ್ಮಿಕರೂ ಇರುತ್ತಾರೆ, ಕೈಯಲ್ಲಿ ದುಡ್ಡು ಓಡಾಡುತ್ತದೆ. ನಾನೂ ಅದೇ ಯೋಚನೆಯಲ್ಲಿದ್ದೆ. ಆದರೆ ಸೀಸನ್‌ನಿಂದಲೇ ಬಂದಿದ್ದರೆ ಗುರುವಾರ, ಶುಕ್ರವಾರವೂ ಅಷ್ಟೇ ಏರಬೇಕಿತ್ತು. ಅವು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಐದಾರು ಪರ್ಸೆಂಟ್ ಏರಿದ್ದವು, ಮಂಗಳವಾರ ಮೂವತ್ತರ ಹತ್ತಿರ ಏರಿತ್ತು. ಫೆಬ್ರವರಿಯಲ್ಲಿ ಒಂದು ಮಂಗಳವಾರ ಒಬ್ಬರ ಮನೆ ಮದುವೆಗೆ ನಾಲ್ವರು ಒಟ್ಟಿಗೆ ಹೋದರು. ಎರಡೇ ಕೌಂಟರ್. ಆವತ್ತು ಬಿಲ್ 500ಕ್ಕೆ ನಿಂತಿತು, ಮುಂದಿನ ವಾರ ಮತ್ತೆ 650. ಬೇಕೆಂದು ಮಾಡಿದ್ದರೂ ಅಷ್ಟು ಒಳ್ಳೆಯ ಪರೀಕ್ಷೆ ಆಗುತ್ತಿರಲಿಲ್ಲ.

ದುಡ್ಡು ಕಳೆದದ್ದನ್ನೂ ಹೇಳಬೇಕು. ನವೆಂಬರ್‌ನಲ್ಲಿ ಹಿಂದಿನ ವರ್ಷದ ಅಂಕಿ ನೋಡಿದಾಗ ಪುತ್ತರಿ ವಾರದಲ್ಲಿ 25 ಕೆಜಿ ಅಕ್ಕಿ ಚೀಲ ಒಮ್ಮೆಲೇ ಮೇಲೆ ಹೋಗಿತ್ತು. ಹಬ್ಬದ ಮಾರಾಟ ಅಂತ ನಂಬಿ 40 ಚೀಲ ತರಿಸಿದೆ, ಒಂದಕ್ಕೆ 1,350. ಪುತ್ತರಿ ಅಂದರೆ ಕದಿರು ಕುಯ್ದು ಹೊಸ ಅಕ್ಕಿಯನ್ನು ಮನೆಗೆ ತರುವ ಹಬ್ಬ, ಆ ವಾರ ಯಾರು ಅಂಗಡಿ ಅಕ್ಕಿ ಹೊರುತ್ತಾರೆ? ಹಬ್ಬ ಆಚರಿಸಿಯೇ ಬೆಳೆದ ನನಗೆ ಇದು ಗೊತ್ತಿಲ್ಲದೆ ಇರಲಿಲ್ಲ, ಆದರೆ ಕಂಪ್ಯೂಟರಿನ ಅಂಕಿ ಕಣ್ಣ ಮುಂದೆ ಇರುವಾಗ ಗೊತ್ತಿದ್ದದ್ದನ್ನು ಬದಿಗಿಟ್ಟೆ. ಆಮೇಲೆ ಬಿಲ್‌ವಾರು ತೆಗೆದು ನೋಡಿದರೆ, ಹಿಂದಿನ ವರ್ಷ ಒಂದೇ ಬಿಲ್‌ನಲ್ಲಿ ಒಂದು ಹಾಸ್ಟೆಲ್‌ನವರು 34 ಚೀಲ ಒಯ್ದಿದ್ದರು. ನಾನು ತರಿಸಿದ್ದರಲ್ಲಿ 12 ಹೋಯಿತು. 10 ಚೀಲ ಬೇರೆ ಸ್ಟೋರಿಗೆ ಕಳಿಸಿದೆವು. 15 ಚೀಲ ತಲಾ 150 ಇಳಿಸಿ ಮಾರಿದೆವು. 3 ಚೀಲಕ್ಕೆ ಹುಳು ಬಿತ್ತು, ಡಂಪ್. ಎಲ್ಲ ಸೇರಿ ಆರು ಸಾವಿರದ ಮೇಲೆ ನಷ್ಟ. ಅಂದಿನಿಂದ ಹಳೆಯ ವರ್ಷದ ಅಂಕಿ ನೋಡುವ ಮೊದಲು ಐದು ಸಾವಿರ ದಾಟಿದ ಬಿಲ್‌ಗಳನ್ನೆಲ್ಲ ಪಕ್ಕಕ್ಕೆ ತೆಗೆಯುತ್ತೇನೆ. ಅಂದಹಾಗೆ ಆ ವಾರ ನಿಜವಾಗಿ ಹೋದದ್ದು ಎಳ್ಳು, ತುಪ್ಪ, ತೆಂಗಿನಕಾಯಿ, ಎಲ್ಲ ತಂಬುಟ್ಟಿಗೆ ಬೇಕಾದವು. ಎಳ್ಳು ಎರಡು ದಿನ ಮೊದಲೇ ಖಾಲಿಯಾಗಿತ್ತು.

ಇನ್ನೊಂದು ಪ್ರಯೋಗ ಜೂನ್‌ನದ್ದು. ಗಮ್‌ಬೂಟು, ಛತ್ರಿ, ಪ್ಲಾಸ್ಟಿಕ್ ಕೊಪ್ಪೆ ಇವನ್ನು ಹೆಡ್ ಆಫೀಸಿನ ಪ್ಲಾನೋಗ್ರಾಂ ಪ್ರಕಾರ ಹಿಂಬದಿಯ ರ‍್ಯಾಕಿನಲ್ಲಿ ಇಡಬೇಕು. ಮೊದಲ ಜೋರು ಮಳೆಯ ದಿನ ನಾನು ಬಾಗಿಲ ಬಳಿ ತಂದೆ. ಛತ್ರಿ ಒಂದೇ ದಿನ 31 ಹೋಯಿತು. ಗಮ್‌ಬೂಟು ಮಾತ್ರ ಹೋಗಲಿಲ್ಲ. ಅದನ್ನು ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ, ಬಾಗಿಲಲ್ಲಿ ಕೂರಲು ಜಾಗವಿಲ್ಲ. ಒಂದು ಸ್ಟೂಲ್ ಇಟ್ಟ ಮೇಲೆ ವಾರಕ್ಕೆ ಎಂಟು ಹತ್ತು ಜೊತೆ ಹೋಗತೊಡಗಿತು. ಕಾಚಂಪುಳಿ ಬಾಟಲಿ ಮಾರಬೇಕು ಅಂತಲೂ ತುಂಬ ಓಡಾಡಿದೆ, ಆದರೆ ವೆಂಡರ್ ಲಿಸ್ಟಿಂಗ್ ಆಗದೆ ನಿಂತೇ ಹೋಯಿತು. ಮತ್ತೆ ಕೇಳುತ್ತೇನೆ.

ಈಗ ಮೇಲೇರುವ ವಿಷಯ. ಸೇರುವಾಗ ತೋರಿಸಿದ ಸ್ಲೈಡಿನಲ್ಲಿ ಟ್ರೈನಿ ಒಂದು ವರ್ಷ, ಡಿಪಾರ್ಟ್‌ಮೆಂಟ್ ಮ್ಯಾನೇಜರ್ ಒಂದೂವರೆ ವರ್ಷ, ಆಮೇಲೆ ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್, ನಾಲ್ಕನೇ ವರ್ಷಕ್ಕೆ ಸ್ಟೋರ್ ಮ್ಯಾನೇಜರ್. ನಿಜ ಏನೆಂದರೆ ನಮ್ಮಂಥ ಸ್ಟೋರಿಗೆ ಒಬ್ಬರೇ ಎಸ್‌ಎಂ, ಒಬ್ಬರೇ ಎಎಸ್‌ಎಂ, ಮೂವರು ಡಿಎಂ. ಮೇಲಿನವರು ಬಿಡುವವರೆಗೆ ಅಥವಾ ಹೊಸ ಸ್ಟೋರ್ ತೆರೆಯುವವರೆಗೆ ಮೆಟ್ಟಿಲೇ ಇಲ್ಲ. ಟಾರ್ಗೆಟ್ ದಾಟಿದ್ದಕ್ಕೆ ನನಗೆ ಸಿಕ್ಕಿದ್ದು ಮೂರು ತಿಂಗಳ ಇನ್ಸೆಂಟಿವ್ ಮತ್ತು ಗುಂಪಿನಲ್ಲಿ ಚಪ್ಪಾಳೆ. ಪ್ರಮೋಷನ್ ಅದರಿಂದ ಬರಲಿಲ್ಲ. ಸೇಲ್ ಏರಿದರೆ ಹೆಸರು ಸ್ಟೋರ್ ಮ್ಯಾನೇಜರ್‌ಗೆ ಹೋಗುತ್ತದೆ, ಅದು ಸಹಜ.

ನನ್ನನ್ನು ಮೇಲೆತ್ತಿದ್ದು ಪಿಐ. ಆರು ತಿಂಗಳಿಗೊಮ್ಮೆ ಸ್ಟಾಕ್ ಎಣಿಸುವಾಗ ನಮ್ಮಲ್ಲಿ ಶ್ರಿಂಕೇಜ್ 0.9 ಬಂದಿತ್ತು, ಅಂದರೆ ಮೂರು ಲಕ್ಷ ಚಿಲ್ಲರೆ. ಎಲ್ಲರೂ ಕಳ್ಳತನ ಅಂದರು, ಸೆಕ್ಯೂರಿಟಿಯವರನ್ನು ಬೈದರು. ನಾನು ದಿನಕ್ಕೆ ಮೂರೇ ಐಟಂ ಆರಿಸಿ, ಸಿಸ್ಟಂ ಅಂಕಿ ನೋಡದೆ ಮೊದಲು ಎಣಿಸಿ ಬರೆದು, ಆಮೇಲೆ ಹೋಲಿಸುತ್ತಾ ಹೋದೆ. ಸುಮಾರು ಆರನೇ ವಾರದಲ್ಲಿ ಒಂದು ಬ್ರಾಂಡಿನ ಎಣ್ಣೆ ಪ್ರತಿ ಸಲವೂ ನಾಲ್ಕರ ಮಗ್ಗಿಯಲ್ಲೇ ಕಡಿಮೆ ಬರುವುದು ಕಂಡಿತು. ನಾಲ್ಕು, ಎಂಟು, ಹದಿನಾರು. ಕಳ್ಳ ಹಾಗೆ ಮಗ್ಗಿ ಹಾಕಿ ಕದಿಯುತ್ತಾನಾ? ಪೆಟ್ಟಿಗೆ ಒಡೆದು ನೋಡಿದೆ, ಒಳಗೆ 12 ಪ್ಯಾಕೆಟ್. ಸಿಸ್ಟಂನಲ್ಲಿ ಪೆಟ್ಟಿಗೆಗೆ 16 ಅಂತ ನಮೂದಾಗಿತ್ತು. ಮಳೆಯಲ್ಲಿ, ರಾತ್ರಿ, ಲಾರಿ ಇಳಿಸುವಾಗ ಪೆಟ್ಟಿಗೆ ಎಣಿಸಿ ಜಿಆರ್‌ಎನ್ ಮಾಡಿಬಿಡುತ್ತಿದ್ದರು. ವಾರಕ್ಕೆ ನಾಲ್ಕು ಪೆಟ್ಟಿಗೆ, ಹದಿನಾರು ಪ್ಯಾಕೆಟ್, ಎರಡು ಸಾವಿರ ರೂಪಾಯಿ, ಆರು ತಿಂಗಳಿಗೆ ಐವತ್ತು ಸಾವಿರದ ಮೇಲೆ ಕಾಗದದ ಮೇಲಷ್ಟೇ ಇದ್ದು ಕಾಣೆಯಾದ ಎಣ್ಣೆ. ಫೋಟೋ ಸಮೇತ ಮೇಲ್ ಹಾಕಿದೆ. ಸರಿಯಾಗಲು ನಾಲ್ಕು ಮೇಲ್ ಬೇಕಾಯಿತು. ಜೊತೆಗೆ ಬರೆಯದೆ ಎಸೆಯುತ್ತಿದ್ದ ತರಕಾರಿಯನ್ನು ಪ್ರತಿ ರಾತ್ರಿ ಡಂಪ್‌ಗೆ ಹಾಕಿಸಿದೆ. ಮುಂದಿನ ಪಿಐ 0.45.

ಆ ಹೊತ್ತಿಗೆ ನಮ್ಮ ಎಎಸ್‌ಎಂ ಮೂರು ವಾರ ರಜೆಯಲ್ಲಿದ್ದರು, ಕೀಲಿ ನನ್ನ ಕೈಗೆ ಬಂತು. ಆಕ್ಟಿಂಗ್‌ಗೆ ದುಡ್ಡು ಇಲ್ಲ, ನಿಮಗೂ ಕೊಡುವುದಿಲ್ಲ. ನಾನು ಕೇಳಿದ್ದು ಒಂದೇ, ಆ ಮೂರು ವಾರ ಓಪನಿಂಗ್, ಕ್ಯಾಶ್ ಮತ್ತು ಪಿಐ ಯಾರು ನೋಡಿದರು ಅಂತ ಸರ್ ಒಂದು ಮೇಲ್‌ನಲ್ಲಿ ಬರೆದು ಎಚ್‌ಆರ್‌ಗೆ ಕಳಿಸಬೇಕು ಅಂತ. ಅವರು ಕಳಿಸಿದರು. ಎರಡು ತಿಂಗಳಿಗೆ ಡಿಎಂ ಆಗಿ ಕನ್ಫರ್ಮ್ ಆದೆ, ಗ್ರಾಸ್ 19,500. ನನ್ನ ಜೊತೆ ಸೇರಿದ ಆರು ಟ್ರೈನಿಗಳಲ್ಲಿ ಈಗ ಉಳಿದಿರುವವರು ಇಬ್ಬರು.

ಮೈಸೂರಿನ ದೊಡ್ಡ ಸ್ಟೋರಿಗೆ ಎಎಸ್‌ಎಂ ಆಗಿ ಹೋಗುತ್ತೀರಾ ಅಂತ ಈಗ ಕೇಳಿದ್ದಾರೆ. ಗ್ರಾಸ್ 25,000 ಅಂತೆ. ಇಎಸ್ಐ ಮಿತಿ 21,000, ಅದು ದಾಟುವುದರಿಂದ ಮನೆಯವರ ಆಸ್ಪತ್ರೆ ಸೌಲಭ್ಯ ಹೋಗುತ್ತದೆ, ಅಮ್ಮನಿಗೆ ಅದು ಬೇಕು. ರೂಮು ಬಾಡಿಗೆ ಇಲ್ಲಿ 2,500, ಅಲ್ಲಿ ಕಡಿಮೆ ಅಂದರೂ 6,000. ಊರಿಗೆ ಬಂದು ಹೋಗುವ ಖರ್ಚು ಸೇರಿಸಿದರೆ ಐದೂವರೆ ಸಾವಿರದಲ್ಲಿ ಕೈಗೆ ಉಳಿಯುವುದು ಸಾವಿರದ ಆಸುಪಾಸು. ಆದರೆ ಎಎಸ್‌ಎಂ ಅನುಭವವಿಲ್ಲದೆ ಎಸ್‌ಎಂ ಕುರ್ಚಿ ಸಿಗುವುದಿಲ್ಲ, ಕುಶಾಲನಗರದಲ್ಲಿ ಕಾಯುತ್ತಾ ಕೂತರೆ ನಮ್ಮ ಎಎಸ್‌ಎಂ ಬಿಡುವವರೆಗೆ ಕಾಯಬೇಕು, ಅವರಿಗೆ ಇಲ್ಲೇ ಸ್ವಂತ ಮನೆಯಿದೆ. ಹೋಗುತ್ತೇನೆ ಅಂತ ಬರೆದಿದ್ದೇನೆ, ಎರಡು ಮಾತು ಸೇರಿಸಿ: ಕುಟುಂಬಕ್ಕೆ ಮೆಡಿಕಲ್ ಇನ್ಶೂರೆನ್ಸ್ ಲಿಖಿತವಾಗಿ ಬೇಕು, ಮತ್ತು ಸೇರುವ ಮೊದಲು ಆ ಸ್ಟೋರಿನ ಕಳೆದ ಎಂಟು ವಾರದ ಅವರ್ಲಿ ರಿಪೋರ್ಟ್ ಬೇಕು. ಎರಡನೆಯದು ನಿನ್ನೆ ಬಂತು. ಗುರುವಾರ ಸಂಜೆ ಆರರಿಂದ ಎಂಟರವರೆಗೆ ಗೆರೆ ಚಪ್ಪಟೆ ಇದೆ.